ಗೋಡೆ ಹಿಂದೆ ಅಡಗಿದರೂ ಗುಂಡು ಬಿತ್ತು!

ನಮಸ್ಕಾರ. ಗೇಮ್ ಆಡುವವರ ನಡುವೆ ಓಡಾಡುವ ಒಂದು ಮೀಮ್ ಇದೆ, ಅದರಲ್ಲಿ ಎರಡು ಚಿತ್ರ. ಒಂದರ ಮೇಲೆ 'ನನಗೆ ಕಂಡಿದ್ದು', ಇನ್ನೊಂದರ ಮೇಲೆ 'ಅವನಿಗೆ ಕಂಡಿದ್ದು' ಅಂತ ಬರೆದಿರುತ್ತದೆ. ಮೊದಲನೆಯದರಲ್ಲಿ ಒಬ್ಬ ಗೋಡೆಯ ಹಿಂದೆ ಪೂರ್ತಿ ಅಡಗಿ ಕೂತಿದ್ದಾನೆ, ಆದರೂ ಗುಂಡು ತಗುಲಿದೆ. ಎರಡನೆಯದರಲ್ಲಿ ಅದೇ ಆಸಾಮಿ ಬಯಲಲ್ಲಿ ಎದೆ ಕೊಟ್ಟು ನಿಂತಿದ್ದಾನೆ. ಆಡುವವರು ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಾರೆ. ಆಡದವರಿಗೆ ಏನೂ ಅರ್ಥ ಆಗುವುದಿಲ್ಲ. 'ಸೋತಿದ್ದಕ್ಕೆ ನೆಪ ಹೇಳ್ತಿದ್ದಾನೆ' ಅಂದುಕೊಂಡು ಮುಂದೆ ಹೋಗುತ್ತಾರೆ.

ನನ್ನ ಪ್ರಕಾರ ಅದು ನೆಪ ಅಲ್ಲ. ಆ ಎರಡೂ ಚಿತ್ರಗಳು ನಿಜ. ಹೇಗೆ ಅಂತ ನಿಧಾನವಾಗಿ ಹೇಳುತ್ತೇನೆ.

ಇಂಟರ್ನೆಟ್‌ನಲ್ಲಿ ಆಡುವ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಆಟ ನಡೆಯುವುದು ನಿಮ್ಮ ಫೋನಿನಲ್ಲಲ್ಲ, ದೂರದ ಒಂದು ಸರ್ವರ್‌ನಲ್ಲಿ. ನೀವು ಬಟನ್ ಒತ್ತಿದ ಸುದ್ದಿ ಅಲ್ಲಿಗೆ ಹೋಗಬೇಕು, ಅಲ್ಲಿಂದ ಉತ್ತರ ಬರಬೇಕು. ಹೋಗಿ ಬರಲು ಹಿಡಿಯುವ ಸಮಯಕ್ಕೆ ಪಿಂಗ್ ಅನ್ನುತ್ತಾರೆ. ಅದನ್ನು ಅಳೆಯುವುದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಪಿಂಗ್ ಜಾಸ್ತಿಯಾಗಿ ಆಟ ತಡವರಿಸಿದರೆ ಅದೇ ಲ್ಯಾಗ್. ದುಡ್ಡು ಸುರಿದು ಒಳ್ಳೆಯ ಕನೆಕ್ಷನ್ ಹಾಕಿಸಿಕೊಂಡರೂ ಇದು ಪೂರ್ತಿ ಹೋಗುವುದಿಲ್ಲ. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರ ಇದ್ದರೆ ಬರೀ ಹೋಗಿ ಬರುವುದಕ್ಕೇ 100 ಮಿಲಿಸೆಕೆಂಡು ಬೇಕು. ಅದಕ್ಕಿಂತ ಕಡಿಮೆ ಮಾಡಲು ಯಾರಿಂದಲೂ ಆಗದು.

ಈಗ ಆ ಗೋಡೆಯ ಕಥೆಗೆ ಬರೋಣ. ಗುಂಡು ಹಾರಿಸುವವನ ಪಿಂಗ್ 150 ಇದೆ ಅಂದುಕೊಳ್ಳಿ. ನೀವು ಓಡುತ್ತಿದ್ದೀರಿ. ನೀವು ಎಲ್ಲಿದ್ದೀರಿ ಅನ್ನುವ ಸುದ್ದಿ ಸರ್ವರ್‌ನಿಂದ ಅವನನ್ನು ತಲುಪುವಾಗ 75 ಮಿಲಿಸೆಕೆಂಡು ಹಳೆಯದಾಗಿರುತ್ತದೆ. ಅದರ ಮೇಲೆ, ನಿಮ್ಮ ಓಟ ಅವನಿಗೆ ಜರ್ಕ್ ಹೊಡೆಯದೆ ಕಾಣಲಿ ಅಂತ ಗೇಮ್ ಬೇಕೆಂದೇ ಇನ್ನೊಂದಿಷ್ಟು ತಡ ಮಾಡಿ ತೋರಿಸುತ್ತದೆ. ಅದು 100 ಮಿಲಿಸೆಕೆಂಡು ಅಂತ ಇಟ್ಟುಕೊಳ್ಳೋಣ. ಅವನು ಗುರಿಯಿಟ್ಟು ಹೊಡೆದ. ಆ ಸುದ್ದಿ ಸರ್ವರ್ ಮುಟ್ಟಲು ಮತ್ತೆ 75. ಒಟ್ಟು 250, ಅಂದರೆ ಕಾಲು ಸೆಕೆಂಡು. ನೀವು ಸೆಕೆಂಡಿಗೆ 5 ಮೀಟರ್ ಓಡುತ್ತಿದ್ದರೆ ಅಷ್ಟರಲ್ಲಿ ಒಂದೂಕಾಲು ಮೀಟರ್ ಮುಂದೆ ಹೋಗಿರುತ್ತೀರಿ. ಗೋಡೆಯ ಹಿಂದೆ ಸರಿಯಲು ಅಷ್ಟು ಸಾಕು.

ಇಲ್ಲಿ ಸರ್ವರ್ ಒಂದು ತೀರ್ಪು ಕೊಡಬೇಕು. ಹೆಚ್ಚಿನ ಶೂಟಿಂಗ್ ಗೇಮ್‌ಗಳಲ್ಲಿ ಅದು ಸಮಯವನ್ನು ಕಾಲು ಸೆಕೆಂಡು ಹಿಂದಕ್ಕೆ ತಿರುಗಿಸಿ, ಹೊಡೆದವನ ಪರದೆಯಲ್ಲಿ ಆಗ ಏನು ಕಾಣುತ್ತಿತ್ತು ಅಂತ ನೋಡುತ್ತದೆ. ಅವನ ಗುರಿ ಸರಿಯಾಗಿಯೇ ಇತ್ತು. ಹಾಗಾಗಿ ಗುಂಡು ಬಿತ್ತು ಅಂತ ಲೆಕ್ಕ. ಇದಕ್ಕೆ ಲ್ಯಾಗ್ ಕಾಂಪನ್ಸೇಶನ್ ಅನ್ನುತ್ತಾರೆ. ಹೀಗೆ ಮಾಡದಿದ್ದರೆ ಪ್ರತಿಯೊಬ್ಬರೂ ತಮ್ಮ ಪಿಂಗ್ ಎಷ್ಟು ಅಂತ ಮನಸ್ಸಲ್ಲೇ ಲೆಕ್ಕ ಹಾಕಿ, ಎದುರಾಳಿಗಿಂತ ಸ್ವಲ್ಪ ಮುಂದೆ ಖಾಲಿ ಜಾಗಕ್ಕೆ ಗುಂಡು ಹೊಡೆಯಬೇಕಾಗುತ್ತಿತ್ತು. ಹಳೆಯ ಇಂಟರ್ನೆಟ್ ಗೇಮ್‌ಗಳಲ್ಲಿ ಜನ ಹಾಗೆಯೇ ಆಡುತ್ತಿದ್ದರು. ಗುರಿ ಸರಿಯಿಟ್ಟವನಿಗೆ ಅನ್ಯಾಯ ಆಗಬಾರದು ಅಂತ, ಅಡಗಿದವನಿಗೆ ಆಗಾಗ ಒಂದು ಸಣ್ಣ ಅನ್ಯಾಯ. ನನಗೆ ಈ ಆಯ್ಕೆ ಸರಿ ಅನ್ನಿಸುತ್ತದೆ. ಆದರೆ ಸತ್ತವನು ಬೊಬ್ಬೆ ಹೊಡೆಯುವುದೂ ಸರಿಯೇ ಅಲ್ವಾ? ಆ ಮೀಮ್ ಇರುವುದೇ ಈ ಜಗಳದ ಮೇಲೆ.

ಇನ್ನೊಂದು ಮೀಮ್‌ನಲ್ಲಿ ಒಬ್ಬ ಬಾಗಿಲು ದಾಟುತ್ತಾನೆ, ತಕ್ಷಣ ಹಿಂದಕ್ಕೆ ಬಂದು ಬೀಳುತ್ತಾನೆ, ಮತ್ತೆ ದಾಟುತ್ತಾನೆ, ಮತ್ತೆ ವಾಪಸ್. ಎಳೆದ ರಬ್ಬರ್ ಬ್ಯಾಂಡ್ ಬಿಟ್ಟ ಹಾಗೆ. ಅದರ ಹೆಸರೂ ರಬ್ಬರ್‌ಬ್ಯಾಂಡಿಂಗ್ ಅಂತಲೇ. ನಿಮ್ಮ ಫೋನು ಸರ್ವರ್ ಉತ್ತರಕ್ಕೆ ಕಾಯದೆ ಮೊದಲೇ ನಿಮ್ಮನ್ನು ಮುಂದೆ ನಡೆಸಿರುತ್ತದೆ. ನೀವು ನಡೆದ ಸುದ್ದಿ ದಾರಿಯಲ್ಲಿ ಕಳೆದುಹೋದರೆ ಸರ್ವರ್ 'ನೀನು ಇನ್ನೂ ಇಲ್ಲೇ ಇದ್ದೀಯ' ಅಂತ ಎಳೆದು ಕೂರಿಸುತ್ತದೆ.

ಹಾಗಂತ 'ಲ್ಯಾಗ್' ಅಂತ ಕೂಗಿದ್ದೆಲ್ಲ ಲ್ಯಾಗ್ ಅಲ್ಲ. ಆಡುವವರೇ ಇಲ್ಲಿ ಎಡವುತ್ತಾರೆ. ಗುರುತಿಸುವುದು ಸುಲಭ. ಸುಮ್ನೆ ನಿಂತು ಸುತ್ತ ತಿರುಗಿ ನೋಡಿ. ನೋಟ ಸಲೀಸಾಗಿ ತಿರುಗುತ್ತಿದೆ, ಆದರೆ ಬೇರೆ ಆಟಗಾರರು ಅಲ್ಲಿಂದ ಇಲ್ಲಿಗೆ ನೆಗೆಯುತ್ತಿದ್ದಾರೆ ಅಂದರೆ ತೊಂದರೆ ಇಂಟರ್ನೆಟ್‌ನಲ್ಲಿದೆ. ನೋಟವೇ ತಡೆದು ತಡೆದು ತಿರುಗುತ್ತಿದ್ದರೆ ನಿಮ್ಮ ಫೋನಿಗೋ ಕಂಪ್ಯೂಟರಿಗೋ ಚಿತ್ರ ಬಿಡಿಸಿ ಮುಗಿಸಲು ಆಗುತ್ತಿಲ್ಲ. ಅದಕ್ಕೆ ಕನೆಕ್ಷನ್ ಬದಲಿಸಿದರೆ ಏನೂ ಸಿಗದು, ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಬೇಕು.

ಎಷ್ಟೋ ನೂಬ್ ಜೋಕುಗಳು ಹುಟ್ಟುವುದೂ ಈ ಲ್ಯಾಗ್ ವಾದದಿಂದಲೇ. ನೂಬ್ ಅಂದರೆ ಆಟ ಗೊತ್ತಿಲ್ಲದ ಹೊಸಬ. ರೋಬ್ಲಾಕ್ಸ್ ಗೇಮ್‌ನಲ್ಲಿ ಹಳದಿ ಮುಖ, ನೀಲಿ ಅಂಗಿ, ಹಸಿರು ಕಾಲಿನ ಗೊಂಬೆ ಕಂಡರೆ ಅವನೇ ನೂಬ್ ಅಂತ ಎಲ್ಲರಿಗೂ ಗೊತ್ತು. ಸತ್ತವನು 'ಲ್ಯಾಗ್' ಅಂತ ಟೈಪ್ ಮಾಡಿದರೆ, ಹಳಬರು 'ಸ್ಕಿಲ್ ಇಶ್ಯೂ' ಅಂತ ಉತ್ತರ ಹಾಕುತ್ತಾರೆ. ತೊಂದರೆ ನೆಟ್‌ನಲ್ಲಿಲ್ಲ, ನಿನ್ನ ಕೈಯಲ್ಲಿದೆ ಅಂತ. ಗೆಳೆಯರು ಒಬ್ಬರಿಗೊಬ್ಬರು ಹೇಳಿದರೆ ಚೆನ್ನಾಗಿರುತ್ತದೆ. ಆದರೆ ಮೊದಲ ಸಲ ಆಡಲು ಬಂದ ಅಪರಿಚಿತನಿಗೆ ಹೇಳುವುದು ನನಗೆ ಸ್ವಲ್ಪವೂ ಇಷ್ಟ ಇಲ್ಲ. ತನಗೆ ಗುಂಡು ಬಿದ್ದದ್ದು ಪಿಂಗ್‌ನಿಂದಲೋ ಕೈ ತಪ್ಪಿನಿಂದಲೋ ಅಂತ ತಿಳಿದುಕೊಳ್ಳಲು ಅವನಿಗೆ ದಾರಿಯೇ ಇಲ್ಲ. ಪಿಂಗ್ ಎಲ್ಲಿ ಕಾಣುತ್ತದೆ ಅಂತ ಒಂದು ಸಾಲು ಬರೆದರೆ ಮುಂದಿನ ಆಟಕ್ಕೆ ಅವನು ಗಟ್ಟಿಯಾಗುತ್ತಾನೆ.

ಇನ್ನು ಗ್ರೈಂಡಿಂಗ್. ಮೇಲಿನ ಲೆವೆಲ್ ಮುಟ್ಟಲು ಒಂದೇ ಕೆಲಸವನ್ನು ಸಾವಿರಾರು ಸಲ ಮಾಡುವುದು. ಇದರ ಬಗ್ಗೆ ನನಗೆ ತುಂಬಾ ಇಷ್ಟವಾದ ಮೀಮ್ ರೂನ್‌ಸ್ಕೇಪ್ ಆಟಗಾರರದು: '92 ಅಂದರೆ 99ರ ಅರ್ಧ'. ಹೊರಗಿನವರಿಗೆ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಆ ಗೇಮ್‌ನಲ್ಲಿ ಮರ ಕಡಿಯುವುದು, ಮೀನು ಹಿಡಿಯುವುದು, ಇಂಥ ಪ್ರತಿ ಕೆಲಸಕ್ಕೂ ಅಂಕ ಸಿಗುತ್ತದೆ. 99ನೇ ಲೆವೆಲ್ ಮುಟ್ಟಲು 1,30,34,431 ಅಂಕ ಬೇಕು. 92ನೇ ಲೆವೆಲ್‌ಗೆ 65,17,253. ನೋಡಿ, ಹೆಚ್ಚುಕಡಿಮೆ ಅರ್ಧ! ಪ್ರತಿ ಏಳು ಲೆವೆಲ್‌ಗೆ ಬೇಕಾದ ಅಂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 91 ಲೆವೆಲ್ ಏರಿ ಬಂದವನಿಗೆ ಇನ್ನು ಏಳೇ ಬಾಕಿ ಅಂತ ಕಾಣುತ್ತದೆ, ಆದರೆ ಅಷ್ಟೇ ದಾರಿ ಮತ್ತೆ ನಡೆಯಬೇಕು. ಅಲ್ಲಿವರೆಗೆ ಬಂದವರು ಬಿಟ್ಟು ಹೋಗುವುದು ಕಷ್ಟ ಅಂತ ಗೇಮ್ ಮಾಡುವವರಿಗೆ ಚೆನ್ನಾಗಿ ಗೊತ್ತು.

ಲ್ಯಾಗ್ ಮತ್ತು ಗ್ರೈಂಡಿಂಗ್ ಒಂದೇ ಕಡೆ ಡಿಕ್ಕಿ ಹೊಡೆಯುವುದು ಹಾರ್ಡ್‌ಕೋರ್ ಮೋಡ್‌ನಲ್ಲಿ. 2000ದಲ್ಲಿ ಬಂದ ಡಯಾಬ್ಲೊ 2 ಗೇಮ್‌ನಲ್ಲಿ ಈ ಮೋಡ್ ಇತ್ತು. ಇಲ್ಲಿ ನಿಮ್ಮ ಪಾತ್ರ ಒಂದು ಸಲ ಸತ್ತರೆ ಮುಗಿಯಿತು, ಮತ್ತೆ ಎದ್ದು ಬರುವುದಿಲ್ಲ. ವಾರಗಟ್ಟಲೆ ಗ್ರೈಂಡ್ ಮಾಡಿ ಬೆಳೆಸಿದ ಪಾತ್ರ. ಪರದೆ ಎರಡು ಸೆಕೆಂಡು ಹೆಪ್ಪುಗಟ್ಟುತ್ತದೆ. ಆದರೆ ಸರ್ವರ್‌ನಲ್ಲಿ ಆಟ ನಿಂತಿರುವುದಿಲ್ಲ, ರಾಕ್ಷಸರು ಹೊಡೆಯುತ್ತಲೇ ಇರುತ್ತಾರೆ. ಚಿತ್ರ ಮತ್ತೆ ಅಲ್ಲಾಡಿದಾಗ ಪಾತ್ರ ಸತ್ತಿದೆ. ಇದರ ಮೇಲೂ ಮೀಮ್‌ಗಳಿವೆ, ಅದನ್ನು ಮಾಡುವವರು ಹೆಚ್ಚಾಗಿ ಹಾಗೆ ಕಳೆದುಕೊಂಡವರೇ. ನಿಮ್ಮ ಮನೆಯಲ್ಲಿ ಯಾರಾದರೂ ಅಂಥದ್ದೊಂದು ಹಾಕಿದರೆ 'ಬರೀ ಗೇಮ್ ತಾನೆ' ಅನ್ನಬೇಡಿ. ಎಷ್ಟನೇ ಲೆವೆಲ್ ಆಗಿತ್ತು ಅಂತ ಕೇಳಿ.