ನಾಳೆ ಇಂಟರ್‌ವ್ಯೂ, ಇವತ್ತು ಒಂದು ಫೋನು | ಉಡುಪಿಯಿಂದ ಬೈಕಂಪಾಡಿಗೆ

ನಮಸ್ಕಾರ ಎಲ್ರಿಗೂ. ಹೊರಗೆ ಮಳೆ ಜೋರುಂಟು, ಶಬ್ದ ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡಿ. ಗಂಟೆ ಈಗ 11.15. ನಾಳೆ ಶುಕ್ರವಾರ ಬೆಳಿಗ್ಗೆ 10ಕ್ಕೆ ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ನನಗೆ ಇಂಟರ್‌ವ್ಯೂ, ಅಕೌಂಟ್ಸ್ ಕೆಲಸಕ್ಕೆ. ಯಾವ ಗೇಟು, ಪಾಸ್ ಯಾವ ಹೆಸರಲ್ಲಿ, ಯಾರನ್ನು ನೋಡ್ಬೇಕು, ಏನೇನು ತರ್ಬೇಕು ಅಂತ ಕೇಳ್ಲಿಕ್ಕೆ ಅಲ್ಲಿನ ಎಚ್‌ಆರ್ ಮೇಡಂಗೆ ಈಗ ಫೋನ್ ಮಾಡ್ತೇನೆ. 11 ಗಂಟೆ ಆಗ್ಲಿ ಅಂತ ಬೇಕಂತಲೇ ಕಾದದ್ದು. ಬೆಳಿಗ್ಗೆ ಬಂದ ಕೂಡ್ಲೆ ಅವರಿಗೆ ಗಡಿಬಿಡಿ ಇರ್ತದೆ, ಒಂದು ಗಂಟೆಯ ನಂತರ ಊಟ. ಇಂಟರ್‌ವ್ಯೂ ಸೋಮವಾರ ಇದ್ರೆ ಹಿಂದಿನ ದಿನ ಭಾನುವಾರ ಅಲ್ವಾ, ಯಾರೂ ಫೋನ್ ಎತ್ತುದಿಲ್ಲ. ಆಗ ಶುಕ್ರವಾರವೇ ಕೇಳಿಡ್ಬೇಕು.

ಇಷ್ಟೆಲ್ಲ ಯಾಕೆ ಅಂತ ಅಮ್ಮನೂ ಕೇಳಿದ್ರು. ಎರಡು ತಿಂಗಳ ಹಿಂದೆ ಬೇರೆ ಒಂದು ಕಂಪನಿಗೆ ಹೋಗಿದ್ದೆ, ಅದರ ಕತೆ ಹೇಳ್ತೇನೆ. ಲೆಟರಲ್ಲಿ ವಿಳಾಸ ಇತ್ತು, ಟೈಮ್ ಇತ್ತು. ಅರ್ಧ ಗಂಟೆ ಮುಂಚೆ ಗೇಟ್ ಮುಂದೆ ನಿಂತಿದ್ದೆ. ಸೆಕ್ಯೂರಿಟಿ ಅಣ್ಣ, "ಇದು ಲಾರಿ ಗೇಟು, ಸ್ಟಾಫ್ ಗೇಟ್ ಹಿಂದಿನ ರಸ್ತೆಯಲ್ಲಿ" ಅಂದ್ರು. ಸುತ್ತು ಹಾಕಿ ಅಲ್ಲಿಗೆ ಹೋದೆ. "ಯಾರನ್ನು ನೋಡ್ಬೇಕು?" "ಎಚ್‌ಆರ್." "ಎಚ್‌ಆರಲ್ಲಿ ಯಾರು? ಹೆಸರು ಹೇಳಿ, ಇಂಟರ್‌ಕಾಮ್ ಮಾಡ್ಬೇಕು." ನನ್ನ ಹತ್ರ ಹೆಸರೇ ಇಲ್ಲ! ಮೇಲ್ ಬಂದದ್ದು ಬರೀ ಕೆರಿಯರ್ಸ್ ಅಂತ ಇರುವ ಐಡಿಯಿಂದ. ಕೊನೆಗೆ ಯಾರೋ ಸಿಕ್ಕಿದ್ರು, ಪಾಸ್ ತೆಗೀತಾರೆ ಅನ್ನುವಾಗ ಇನ್ನೊಂದು ತಕರಾರು. ಪಾಸಲ್ಲಿ ರೆಸ್ಯೂಮೆಯ ಹೆಸರು, ಅಂದ್ರೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇದ್ದ ಹಾಗೆ ಹೆಸರಿನ ಜೊತೆ ಇನಿಶಿಯಲ್ ಮಾತ್ರ. ಆಧಾರಲ್ಲಿ ಅಪ್ಪನ ಹೆಸರು ಪೂರ್ತಿ ಉಂಟು. "ಎರಡೂ ಒಂದೇ ಅಲ್ಲ ಅಲ್ವಾ ಮೇಡಂ?" ಅಂದ್ರು ಅಣ್ಣ. ಅವರ ತಪ್ಪಲ್ಲ, ಅವರ ಕೆಲಸವೇ ಅದು. ಒಳಗೆ ಕೂರುವಾಗ ಹತ್ತೂವರೆ ಆಗಿತ್ತು, ನನ್ನ ಸರದಿ ಹೋಗಿತ್ತು. ಆ ದಿನ ಬಸ್ಸಲ್ಲಿ ಪಡುಬಿದ್ರಿಯವರೆಗೆ ಒಂದು ಮಾತೂ ಆಡ್ಲಿಲ್ಲ ನಾನು. ನಮ್ಮ ಕಡೆ ಎಷ್ಟು ಜನರಿಗೆ ಈ ಇನಿಶಿಯಲ್ ತೊಂದರೆ ಉಂಟು ಗೊತ್ತುಂಟಾ? ನಿಮ್ಮ ಕಾರ್ಡುಗಳನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ಹಾಂ, ರಿಂಗ್ ಆಗ್ತಾ ಉಂಟು.

"ನಮಸ್ಕಾರ ಮೇಡಂ, ನಾಳೆ 10 ಗಂಟೆಗೆ ಅಕೌಂಟ್ಸ್ ಇಂಟರ್‌ವ್ಯೂಗೆ ಬರುವವಳು ಮಾತಾಡುದು. ಎರಡು ನಿಮಿಷ ಆಗ್ಬಹುದಾ?"

ಅವರ ಧ್ವನಿ ಹಾಕುದಿಲ್ಲ, ಕೇಳದೆ ರೆಕಾರ್ಡ್ ಮಾಡುದು ಸರಿಯಲ್ಲ. ಅವರು ಹೇಳಿದ್ದನ್ನು ಹೇಳ್ತೇನೆ. ಹೋಗ್ಬೇಕಾದ್ದು 2ನೇ ಗೇಟಿಗೆ. ಪಾಸ್ ಇವತ್ತು ಸಂಜೆಯೇ ಮಾಡಿ ಸೆಕ್ಯೂರಿಟಿಗೆ ಕಳಿಸ್ತಾರಂತೆ. ಅದಕ್ಕೇ ಆಧಾರಲ್ಲಿ ಇರುವ ಹಾಗೆ ಹೆಸರು ಬರೆಸಿದೆ, ಒಂದೊಂದೇ ಅಕ್ಷರ ಹೇಳಿ. ಲ್ಯಾಪ್‌ಟಾಪ್ ತಂದ್ರೆ ಗೇಟಲ್ಲಿ ಸೀರಿಯಲ್ ನಂಬರ್ ಬರೆಸ್ಬೇಕು ಅಂದ್ರು. ನಾನು ತಕೊಂಡು ಹೋಗುದಿಲ್ಲ, ಬಿಡಿ. ಯಾರನ್ನು ಕೇಳ್ಬೇಕು ಅಂದದ್ದಕ್ಕೆ ತಮ್ಮ ಹೆಸರು, ಇಂಟರ್‌ಕಾಮ್ ನಂಬರ್ ಎರಡೂ ಕೊಟ್ರು. "ನೀವು ಮೀಟಿಂಗಲ್ಲಿ ಇದ್ರೆ?" ಅಂತ ಕೇಳಿದೆ. ಆಗ ಇನ್ನೊಬ್ಬರ ಹೆಸರೂ ಸಿಕ್ತು. ಆ ಒಂದು ಪ್ರಶ್ನೆಯನ್ನು ಮಾತ್ರ ಬಿಡ್ಬೇಡಿ ಮಾರಾಯ್ರೇ.

ಡಾಕ್ಯುಮೆಂಟ್ಸ್ ಕೇಳುವಾಗ ಏನೇನು ಬೇಕು ಅಂತ ಮಾತ್ರ ಕೇಳಿದ್ರೆ ಸಾಲುದಿಲ್ಲ. ಒರಿಜಿನಲ್ ತೋರಿಸ್ಲಿಕ್ಕೆ ಮಾತ್ರವಾ, ಕೊಡ್ಲಿಕ್ಕಾ ಅಂತಲೂ ಕೇಳಿ. ಇಲ್ಲಿ ತೋರಿಸಿದ್ರೆ ಸಾಕಂತೆ, ಜೆರಾಕ್ಸ್ ಒಂದು ಸೆಟ್ ಅವರಿಗೆ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಕಾಂ ಮಾರ್ಕ್ಸ್ ಕಾರ್ಡು, ಹಳೆ ಕೆಲಸದ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಎರಡು ಫೋಟೊ. ಇಂಟರ್‌ವ್ಯೂ ದಿನವೇ ಒರಿಜಿನಲ್ ಬಿಟ್ಟು ಹೋಗಿ ಅಂದ್ರೆ ನಾನಂತೂ ಬಿಡುದಿಲ್ಲ. ಪಾಸಿಗೆ, ಫಾರ್ಮಿಗೆ ಅಂತ ಹಣ ಕೇಳಿದ್ರೆ ಆ ಕಡೆ ಹೋಗುದೇ ಬೇಡ.

ಮೊದಲೆಲ್ಲ ಫೋನ್ ಯಾಕೆ, ಮೇಲ್ ಸಾಕು ಅಂತಿದ್ದೆ ನಾನು. ಈಗ ಫೋನೇ ಮೊದಲು. ಆದ್ರೆ ಅದಾದ ಕೂಡ್ಲೆ ಅವರ ಮೇಲಿಗೇ ರಿಪ್ಲೈ ಹಾಕ್ಬೇಕು. ನೋಡಿ, ಸ್ಕ್ರೀನಲ್ಲಿ ಉಂಟು: "ಫೋನಲ್ಲಿ ಹೇಳಿದಂತೆ ನಾಳೆ ಬೆಳಿಗ್ಗೆ 10ಕ್ಕೆ, 2ನೇ ಗೇಟ್, ಪಾಸ್ ಆಧಾರ್‌ನ ಹೆಸರಲ್ಲಿ." ಅಷ್ಟೇ. ಗೇಟಲ್ಲಿ ಮಾತು ಬಂದ್ರೆ ಇದನ್ನು ತೋರಿಸ್ಬಹುದು. ಸ್ಕ್ರೀನ್‌ಶಾಟ್ ತೆಗೆದಿಡ್ತೇನೆ, ಅಲ್ಲಿ ನೆಟ್‌ವರ್ಕ್ ಸಿಗದೆ ಹೋದ್ರೆ ಅಂತ. ಹೆಸರು, ನಂಬರನ್ನು ಒಂದು ಚೀಟಿಯಲ್ಲೂ ಬರೆದು ಫೈಲಿನ ಮೇಲೆಯೇ ಇಟ್ಟಿದ್ದೇನೆ. ಫೈಲಿಗೆ ಎರಡು ಪ್ಲಾಸ್ಟಿಕ್ ಕವರ್, ಈ ಮಳೆಗೆ ಒಂದು ಸಾಲುದಿಲ್ಲ.

ಬಸ್ಸು ಬೈಕಂಪಾಡಿಯಲ್ಲಿ ನಿಲ್ತದಾ ಅಂತ ಕಂಡಕ್ಟರ್ ಹತ್ರ ಕೇಳಿಯೇ ಹತ್ತುದು. ಇಲ್ಲದಿದ್ರೆ ಸುರತ್ಕಲಲ್ಲಿ ಇಳಿದು ಬೇರೆ ಬಸ್ಸು. ಓಹ್, ಮೇಡಂ ರಿಪ್ಲೈ ಬಂತು! "ಓಕೆ. 9.45ಕ್ಕೆ ಗೇಟಲ್ಲಿ ಇರಿ." ಲೆಟರಲ್ಲಿ 10 ಅಂತ ಇತ್ತು. ಹಾಗಾದ್ರೆ ನಾನು ಏಳು ಗಂಟೆಯ ಬಸ್ಸಿಗೇ ಹೊರಡ್ತೇನೆ. ಜೆರಾಕ್ಸ್ ಅಂಗಡಿ ಮುಚ್ಚುವ ಮುಂಚೆ ಓಡ್ಬೇಕು, ಬರ್ತೇನೆ.