ಡೀಲರ್ ಮುನಿಸಿಕೊಂಡರೆ

ಕೇಳುಗರಿಗೆ ನಮಸ್ಕಾರ.

ಅಂಗಡಿಗೆ ಒಬ್ಬರು ಬರುತ್ತಾರೆ. ವಾಟರ್ ಪ್ಯೂರಿಫೈಯರ್ ನೋಡಬೇಕು ಅನ್ನುತ್ತಾರೆ. ಡೀಲರ್ ಮುಚ್ಚಳ ತೆಗೆದು ಫಿಲ್ಟರ್ ತೋರಿಸುತ್ತಾರೆ, ಯಾವ ನೀರಿಗೆ ಯಾವ ಮಾಡೆಲ್ ಸರಿ ಅಂತ ಬಿಡಿಸಿ ಹೇಳುತ್ತಾರೆ. ಅರ್ಧ ಗಂಟೆ ಕಳೆಯುತ್ತದೆ. ಬಂದವರು ಮಾಡೆಲ್ ನಂಬರಿನ ಫೋಟೊ ತೆಗೆದುಕೊಂಡು, 'ಮನೇಲಿ ಕೇಳಿ ಬರ್ತೀನಿ' ಎಂದು ಹೊರಡುತ್ತಾರೆ. ಮೆಟ್ಟಿಲ ಮೇಲೆ ನಿಂತೇ ಕಂಪನಿಯ ವೆಬ್‌ಸೈಟಿನಲ್ಲಿ ಆರ್ಡರ್ ಹಾಕುತ್ತಾರೆ. ನಾಲ್ಕು ದಿನ ಬಿಟ್ಟು ಅದೇ ಅಂಗಡಿಗೆ ಫೋನು: 'ಬಾಕ್ಸ್ ಬಂದಿದೆ, ಕೂರಿಸೋಕೆ ಹುಡುಗನ್ನ ಕಳಿಸ್ತೀರಾ?'

ಡೀಲರಿಗೆ ಹೊಟ್ಟೆ ಉರಿಯುವುದು ಇಲ್ಲಿ. ಕಂಪನಿ ಆನ್‌ಲೈನ್‌ಗೆ ಹೋಯಿತು ಅಂತಲ್ಲ. ಕೆಲಸ ನನ್ನದು, ದುಡ್ಡು ಅವರದು ಅಂತ. ನಾನು ಎಷ್ಟೋ ವರ್ಷ ಕಂಪನಿ ಕಡೆಯ ಸೇಲ್ಸ್‌ನಲ್ಲಿ ಇದ್ದವನು. ಈ ಬೈಗುಳದಲ್ಲಿ ನನ್ನ ಪಾಲೂ ಸಾಕಷ್ಟಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಪ್ಯೂರಿಫೈಯರಿನ ಬೆಲೆ 100 ಅಂದುಕೊಳ್ಳಿ. ಡೀಲರಿಗೆ ಅದು 80ಕ್ಕೆ ಸಿಗುತ್ತದೆ. ಉಳಿದ 20ರಲ್ಲಿ ಬಾಡಿಗೆ, ಸಂಬಳ, ಸ್ಟಾಕಿನ ಮೇಲಿನ ಬಡ್ಡಿ ಸೇರಿ 14 ಖರ್ಚಾದರೆ ಕೈಗೆ ಬರುವುದು 6. ಈಗ ಕಂಪನಿ ಆನ್‌ಲೈನ್‌ನಲ್ಲಿ ಅದನ್ನೇ 90ಕ್ಕೆ ಮಾರುತ್ತದೆ. ಡೀಲರೂ 90ಕ್ಕೆ ಇಳಿದರೆ ಪ್ರತಿ ಯಂತ್ರಕ್ಕೂ 4 ನಷ್ಟ.

ಕಂಪನಿಗಾದರೂ ಲಾಭವೇ? ಪ್ಯಾಕಿಂಗ್, ಸಾಗಣೆ, ಜಾಹೀರಾತು, ವಾಪಸ್ ಬರುವ ಬಾಕ್ಸ್‌ಗಳು, ಎಲ್ಲ ಸೇರಿ 12 ಹೋದರೆ ಉಳಿಯುವುದು 78. ಡೀಲರಿಗೆ ಕೊಟ್ಟಿದ್ದರೆ 80 ಬರುತ್ತಿತ್ತು! 'ಡೀಲರ್ ಮಾರ್ಜಿನ್ ಉಳಿಯಿತು' ಎಂದು ಮೀಟಿಂಗಿನಲ್ಲಿ ಬೀಗುವವರು ಈ 12ನ್ನು ಬೇರೆ ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತಾರೆ, ಅಷ್ಟೇ.

1999ರಲ್ಲಿ, ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ಅಮೆರಿಕದ ದೊಡ್ಡ ಅಂಗಡಿ ಹೋಮ್ ಡಿಪೋ ತನಗೆ ಸಾಮಾನು ಕೊಡುವ ಕಂಪನಿಗಳಿಗೆ ಪತ್ರ ಬರೆದು, ನೀವೇ ನೇರವಾಗಿ ಆನ್‌ಲೈನ್ ಮಾರಿದರೆ ನಿಮ್ಮನ್ನು ಪೈಪೋಟಿಯವರೆಂದು ನೋಡಬೇಕಾಗುತ್ತದೆ ಎಂಬ ಎಚ್ಚರಿಕೆ ಕೊಟ್ಟಿತ್ತು. ದೊಡ್ಡ ಅಂಗಡಿಗೆ ಆ ತಾಕತ್ತಿದೆ. ಸಣ್ಣ ಡೀಲರ್ ಪತ್ರ ಬರೆಯುವುದಿಲ್ಲ. ಸುಮ್ನೆ ನಿಮ್ಮ ಬಾಕ್ಸನ್ನು ಹಿಂದಿನ ಕಪಾಟಿಗೆ ಸರಿಸುತ್ತಾರೆ. ಗಿರಾಕಿ ನಿಮ್ಮ ಹೆಸರು ಹೇಳಿಕೊಂಡು ಬಂದರೂ, 'ಅದರ ಸರ್ವಿಸ್ ಅಷ್ಟಕ್ಕಷ್ಟೇ, ಇದನ್ನ ನೋಡಿ' ಎಂದು ಇನ್ನೊಂದು ಕಂಪನಿಯದ್ದನ್ನು ತೋರಿಸುತ್ತಾರೆ. ಒಂದೇ ಮಾಡೆಲಿನ ಆರ್ಡರ್ ಮಾತ್ರ ಕುಸಿದು, ಆ ಅಂಗಡಿಯ ಉಳಿದ ವ್ಯಾಪಾರ ಚೆನ್ನಾಗಿಯೇ ಇದ್ದರೆ, ಮುನಿಸು ಶುರುವಾಗಿದೆ ಅಂತ ತಿಳಿಯಿರಿ.

ಇನ್ನೊಂದು ಗುರುತನ್ನು ನಾನೇ ಕಣ್ಣಾರೆ ಕಂಡೆ. ನಮ್ಮ ಕಂಪನಿ ರಿಯಾಯಿತಿ ವಾರದಲ್ಲಿ ಬೆಲೆಯನ್ನು ಡೀಲರ್ ದರಕ್ಕಿಂತಲೂ ಕೆಳಗಿಳಿಸಿತ್ತು. ಒಂದು ಅಂಗಡಿಗೆ ಹೋದರೆ, ಅಲ್ಲಿಯ ಹುಡುಗ ನಮ್ಮ ವೆಬ್‌ಸೈಟಿನಿಂದಲೇ ಒಂದೊಂದಾಗಿ ಆರ್ಡರ್ ಹಾಕುತ್ತಾ ಕೂತಿದ್ದ. ನಮ್ಮಿಂದ ಡೀಲರ್ ದರಕ್ಕೆ ಕೊಳ್ಳುವುದಕ್ಕಿಂತ ಅದೇ ಅಗ್ಗ! ಅತ್ತ ಆಫೀಸಿನಲ್ಲಿ ಆನ್‌ಲೈನ್ ಮಾರಾಟ ಏರಿತು ಎಂದು ಸಿಹಿ ಹಂಚುತ್ತಿದ್ದರು.

ಹಾಗಾದರೆ ಏನು ಮಾಡಬಹುದು? ಮೊದಲು, ಕಂಪನಿ ತನ್ನ ವೆಬ್‌ಸೈಟಿನ ಬೆಲೆಯನ್ನು 100ರಲ್ಲೇ ಇಡಲಿ. ಡೀಲರ್ ಎಷ್ಟಕ್ಕೆ ಮಾರಬೇಕು ಅಂತ ಕಟ್ಟಪ್ಪಣೆ ಮಾಡಲು ಹೋಗಬೇಡಿ, ಎಷ್ಟೋ ದೇಶಗಳಲ್ಲಿ ಅದು ಸ್ಪರ್ಧಾ ಕಾನೂನಿಗೆ ಸಿಕ್ಕಿಬೀಳುತ್ತದೆ. ನಿಮ್ಮ ಬೆಲೆ ಮಾತ್ರ ನಿಮ್ಮ ಕೈಯಲ್ಲಿದೆ.

ಆಮೇಲೆ, ಬಂದ ಆರ್ಡರನ್ನು ಗಿರಾಕಿಯ ವಿಳಾಸ ನೋಡಿ ಹತ್ತಿರದ ಡೀಲರಿಗೆ ಕಳಿಸಿ. ಕೂರಿಸಿಕೊಡುವುದು, ಬಳಸುವುದು ಹೇಗೆಂದು ತೋರಿಸುವುದು ಅವರ ಕೆಲಸ. ಅದಕ್ಕೆ 8 ಕೊಡಿ. ಖರ್ಚಿನ 12 ಕಳೆದು ಬಂದ 88ರಲ್ಲಿ 8 ಹೋದರೂ ಕಂಪನಿಗೆ ಅದೇ 80. ಡೀಲರಿಗೆ ಹುಡುಗನನ್ನು ಕಳಿಸಲು 2 ಖರ್ಚಾದರೆ ಉಳಿಯುವುದು 6, ಅಂಗಡಿಯಲ್ಲಿ ಮಾರಿದಾಗ ಉಳಿದಷ್ಟೇ. ಸ್ಟಾಕಿಗೆ ದುಡ್ಡು ಹಾಕುವ ಗೋಜೂ ಇಲ್ಲ.

ಬೆಲೆ ಇಳಿಸಲೇಬೇಕು ಅಂದರೆ ಡೀಲರಿಗೆ ಮೊದಲೇ ತಿಳಿಸಿ. ಹಳೆಯ ದರಕ್ಕೆ ಕೊಂಡು ಇನ್ನೂ ಮಾರದೆ ಇಟ್ಟಿರುವ ಯಂತ್ರಗಳ ಸೀರಿಯಲ್ ನಂಬರ್ ತೆಗೆದುಕೊಂಡು ವ್ಯತ್ಯಾಸವನ್ನು ಅವರ ಬಾಕಿಯಲ್ಲಿ ಕಳೆಯುವ ಕ್ರೆಡಿಟ್ ನೋಟ್ ಕೊಡಿ. ಸುಮ್ನೆ 'ಎಷ್ಟಿದೆ ಹೇಳಿ' ಅಂದರೆ, ಮಾರಿಹೋದ ಬಾಕ್ಸೂ ಗೋಡೌನಿಗೆ ವಾಪಸ್ ಬಂದುಬಿಡುತ್ತದೆ!

ಆನ್‌ಲೈನ್‌ಗೆ ಬೇರೆ ಮಾಡೆಲ್, ಅಂಗಡಿಗೆ ಬೇರೆ ಮಾಡೆಲ್ ಅನ್ನುವ ಉಪಾಯವೂ ಇದೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಬಣ್ಣ, ನಂಬರ್ ಮಾತ್ರ ಬದಲಿಸಿದರೆ ಗಿರಾಕಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಎಲ್ಲರೂ ಮರೆಯುವುದು ಕಂಪನಿಯ ಸೇಲ್ಸ್ ಹುಡುಗರನ್ನು. ಅವರ ಟಾರ್ಗೆಟ್‌ಗೆ ಡೀಲರ್ ಬಿಲ್ ಮಾತ್ರ ಲೆಕ್ಕವಾದರೆ, ಅಂಗಡಿಯಲ್ಲಿ ಕೂತು ಆನ್‌ಲೈನ್ ಅನ್ನು ಮೊದಲು ಬೈಯುವವರು ಅವರೇ ಅಲ್ವಾ? ಅವರ ಏರಿಯಾದ ಆನ್‌ಲೈನ್ ಆರ್ಡರೂ ಅವರ ಲೆಕ್ಕಕ್ಕೆ ಸೇರಲಿ. ಯಾವ ಡೀಲರ್ ಆರ್ಡರ್ ತೆಗೆದುಕೊಂಡು ಎರಡು ದಿನವಾದರೂ ಹುಡುಗನನ್ನು ಕಳಿಸಿಲ್ಲ ಅಂತ ಆಗ ಅವರೇ ಬೆನ್ನು ಹತ್ತಿ ಕೇಳುತ್ತಾರೆ. ಆದರೂ ಕಳಿಸದಿದ್ದರೆ ಆ ಆರ್ಡರು, ಆ 8, ಎರಡೂ ಪಕ್ಕದ ಡೀಲರಿಗೆ. ಈ ಷರತ್ತನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಂಡಿರಬೇಕು.

ನಮಸ್ಕಾರ.