‘ಏಷ್ಯನ್’ ಅನ್ನೋ ಒಂದೇ ಕಾಲಂ, ಅದರೊಳಗೆ ಕಾಣದೆ ಹೋದವರು

ನಮಸ್ಕಾರ. ಹೋದ ತಿಂಗಳು ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. “ಅಮೆರಿಕಾದಲ್ಲಿ ಏಷ್ಯಾದವರು ಬೇರೆಯವರಿಗಿಂತ ಚೆನ್ನಾಗಿ ಓದುತ್ತಾರೆ, ಜಾಸ್ತಿ ಸಂಪಾದಿಸುತ್ತಾರೆ. ನಮ್ಮ ಮನೆಗಳಲ್ಲಿ ಓದಿಗೆ ಕೊಡುವ ಬೆಲೆಯೇ ಇದಕ್ಕೆ ಕಾರಣ ಅಲ್ವಾ?” ಅಂತ. ಉತ್ತರ ಹುಡುಕುತ್ತಾ ಹೋದೆ. ಬೆಂಗಳೂರಿನ ಇಂಜಿನಿಯರ್‌ಗಳಿಂದ ಶುರುವಾದ ಹುಡುಕಾಟ ಭೂತಾನದ ಒಂದು ಕಂದಾಯ ರಸೀದಿಯ ಹತ್ತಿರ ಬಂದು ನಿಂತಿತು. ಆ ದಾರಿಯಲ್ಲೇ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ.

ಮೊದಲು ಹಿನ್ನೆಲೆ, ಬೇಗ ಹೇಳಿಬಿಡುತ್ತೇನೆ. ‘ಮಾಡೆಲ್ ಮೈನಾರಿಟಿ’, ಅಂದರೆ ಮಾದರಿ ಅಲ್ಪಸಂಖ್ಯಾತರು ಅನ್ನೋ ಮಾತು ಚಾಲ್ತಿಗೆ ಬಂದದ್ದು 1966ರಲ್ಲಿ. ಆ ಜನವರಿಯಲ್ಲಿ ವಿಲಿಯಂ ಪೀಟರ್ಸನ್ ಎಂಬ ಸಮಾಜಶಾಸ್ತ್ರಜ್ಞ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಜಪಾನಿ ಅಮೆರಿಕನ್ನರನ್ನು ಹೊಗಳಿ ಬರೆದರು. ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಪತ್ರಿಕೆ ಚೀನೀಯರ ಬಗ್ಗೆ ಅಂಥದ್ದೇ ಲೇಖನ ಹಾಕಿತು. ಕಪ್ಪು ಜನರು ಹಕ್ಕಿಗಾಗಿ ಬೀದಿಗಿಳಿದಿದ್ದ ಕಾಲ ಅದು. “ನೋಡಿ, ಇವರು ಗಲಾಟೆ ಮಾಡದೆ ಮೇಲೆ ಬಂದರು, ನಿಮಗೆ ಯಾಕೆ ಆಗಲ್ಲ?” ಅನ್ನೋ ಚುಚ್ಚುಮಾತು ಆ ಹೊಗಳಿಕೆಯ ಒಳಗೇ ಇತ್ತು. ಆಮೇಲೆ ಈ ಹಣೆಪಟ್ಟಿ ಇಡೀ ಏಷ್ಯಾದವರಿಗೆ ಅಂಟಿಕೊಂಡಿತು.

ಆದರೆ ‘ಏಷ್ಯಾದವರು’ ಅಂದರೆ ಯಾರು? ನನ್ನನ್ನು ತುಂಬಾ ಹಿಡಿದು ನಿಲ್ಲಿಸಿದ ವಿಷಯ ಇದೇ.

[ಪರದೆ ಮೇಲೆ: 1920, 1970, 1980]

ಅಮೆರಿಕಾದ ಜನಗಣತಿ ನಮ್ಮವರನ್ನು ಯಾವ ಕಾಲಂಗೆ ಹಾಕಿತ್ತು ನೋಡಿ. 1920ರಿಂದ 1940ರವರೆಗೆ ಭಾರತದವರ ಜನಾಂಗದ ಹೆಸರು ‘ಹಿಂದೂ’. ಆಗ ಅಲ್ಲಿದ್ದ ಭಾರತೀಯರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಪೇಟ ಕಟ್ಟಿದ ಸಿಖ್ಖರ ಮುಂದೆಯೂ ಎಣಿಕೆದಾರ ಬರೆದದ್ದು ‘ಹಿಂದೂ’ ಅಂತಲೇ. ಭಗತ್ ಸಿಂಗ್ ಥಿಂಡ್ ಅನ್ನೋರು ಪೌರತ್ವ ಕೇಳಿದರು. ಅವರು ಮೊದಲ ಮಹಾಯುದ್ಧದಲ್ಲಿ ಅಮೆರಿಕಾದ ಸೇನೆಯಲ್ಲಿದ್ದವರು. 1923ರಲ್ಲಿ ಸುಪ್ರೀಂ ಕೋರ್ಟು “ನೀವು ಬಿಳಿಯರಲ್ಲ” ಅಂತ ಕೊಡಲಿಲ್ಲ. ಸರಿ, ಬಿಳಿಯರಲ್ಲ ಅಂತಾಯಿತು. ಆದರೆ 1970ರ ಜನಗಣತಿಗೆ ಬನ್ನಿ, ಅಲ್ಲಿ ಭಾರತೀಯರು ಬಿಳಿಯರ ಲೆಕ್ಕದಲ್ಲಿದ್ದಾರೆ! ಹತ್ತು ವರ್ಷ ಕಳೆದು 1980ರಲ್ಲಿ ‘ಏಷ್ಯನ್ ಇಂಡಿಯನ್’ ಅನ್ನೋ ಹೊಸ ಕಾಲಂ ಬಂತು. ಅದನ್ನು ಬೇಕು ಅಂತ ಕೇಳಿ ಓಡಾಡಿದವರು ಅಲ್ಲಿದ್ದ ಭಾರತೀಯ ಸಂಘಟನೆಯವರೇ. ಎಂಬತ್ತರಲ್ಲಿ ಅಲ್ಲಿ ಬದುಕಿದ್ದ ಒಬ್ಬ ಮುದುಕ ತನ್ನ ಒಂದೇ ಜೀವಮಾನದಲ್ಲಿ ‘ಹಿಂದೂ’ ಜನಾಂಗದವ, ಬಿಳಿಯ, ಏಷ್ಯನ್, ಮೂರೂ ಆಗಿರಬಹುದು. ಅವನು ಬದಲಾಗಿರಲಿಲ್ಲ, ಫಾರಂ ಬದಲಾಗಿತ್ತು.

ಲೆಕ್ಕ ಕೂಡಿಸುವಾಗ ಇದೂ ‘ಏಷ್ಯನ್’ ಅನ್ನೋ ದೊಡ್ಡ ಕಾಲಂಗೇ ಸೇರುತ್ತದೆ. ಈಗ ಆ ಏಷ್ಯನ್ ಕಾಲಂ ಒಳಗೆ ಇಣುಕೋಣ. 2019ರ ಲೆಕ್ಕ ತಗೊಳ್ಳಿ. ಎಲ್ಲಾ ಭಾರತೀಯ ಕುಟುಂಬಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಂತ ಕುಟುಂಬದ ವರ್ಷದ ಆದಾಯ ಸುಮಾರು 1 ಲಕ್ಷ 19 ಸಾವಿರ ಡಾಲರ್. ಬರ್ಮಾದವರಲ್ಲಿ ಅದು ಸುಮಾರು 44 ಸಾವಿರ. ಪದವಿ ನೋಡಿದರೆ, ಭಾರತೀಯ ವಯಸ್ಕರಲ್ಲಿ ನೂರಕ್ಕೆ 75 ಮಂದಿ ಪದವೀಧರರು, ಭೂತಾನದವರಲ್ಲಿ 15. ಕೂಡಿಸಿದ ಲೆಕ್ಕದಲ್ಲಿ ಇಬ್ಬರಿಗೂ ಒಂದೇ ಹೆಸರು, ‘ಏಷ್ಯನ್’.

ಭೂತಾನ ಅಂದ ಕೂಡಲೇ ‘ಸಂತೋಷದ ದೇಶ’ ನೆನಪಾಗುತ್ತದೆ ಅಲ್ವಾ? ಅಮೆರಿಕಾದಲ್ಲಿರುವ ಭೂತಾನಿಯರ ಕಥೆ ಬೇರೆ. ಅವರಲ್ಲಿ ಹೆಚ್ಚಿನವರು ದಕ್ಷಿಣ ಭೂತಾನದ ನೇಪಾಳಿ ಮಾತಾಡುವ ರೈತರು, ಲೋತ್ಶಾಂಪಾ ಅಂತಾರೆ. 1988ರಲ್ಲಿ ಭೂತಾನ ಸರ್ಕಾರ ಅಲ್ಲಿ ಜನಗಣತಿ ಮಾಡಿ, 1958ರಲ್ಲಿ ಇಲ್ಲೇ ಇದ್ದಿರಿ ಅನ್ನೋದಕ್ಕೆ ದಾಖಲೆ ಕೇಳಿತು. ಬಡ ರೈತರ ಹತ್ತಿರ ಏನಿರುತ್ತದೆ? ಇದ್ದರೆ ಆ ವರ್ಷದ ಕಂದಾಯ ರಸೀದಿ. ಮೂವತ್ತು ವರ್ಷದ ಹಿಂದಿನ ಚೀಟಿ! ನಮ್ಮ ಹಳ್ಳಿಗಳಲ್ಲಿ ಅಜ್ಜನ ಕಾಲದ ರಸೀದಿ ಎಷ್ಟು ಮನೆಯ ಪೆಟ್ಟಿಗೆಯಲ್ಲಿ ಸಿಗಬಹುದು ಅಂತ ಸುಮ್ನೆ ಒಂದು ಸಲ ಯೋಚಿಸಿ. ಜನರನ್ನು ಎಫ್-1ರಿಂದ ಎಫ್-7ರವರೆಗೆ ಏಳು ಗುಂಪು ಮಾಡಿದರು. ಎಫ್-1 ಅಸಲಿ ಪ್ರಜೆ, ಎಫ್-7 ಪರದೇಶಿ. ಪ್ರತಿಭಟನೆ ನಡೆಯಿತು, ದಬ್ಬಾಳಿಕೆ ನಡೆಯಿತು. 1990ರ ನಂತರ ಒಂದು ಲಕ್ಷದಷ್ಟು ಜನ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಬಿದಿರು ಗುಡಿಸಲಿನ ಶಿಬಿರಗಳಿಗೆ ಬಂದು ಬಿದ್ದರು. ಹದಿನೇಳು, ಹದಿನೆಂಟು ವರ್ಷ ಅಲ್ಲೇ ಕಳೆದರು. 2008ರಿಂದ ಅವರಲ್ಲಿ ಬಹಳಷ್ಟು ಜನರನ್ನು ಅಮೆರಿಕಾ ಕರೆಸಿಕೊಂಡಿತು.

ಅಲ್ಲಿಗೆ ಹೋದ ಮೇಲೆ ಒಂದು ದುಃಖದ ವಿಷಯ ಶುರುವಾಯಿತು. ಅವರ ನಡುವೆ ಆತ್ಮಹತ್ಯೆಗಳು ಕಾಣಿಸಿಕೊಂಡವು. ಅಮೆರಿಕಾದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2009ರಿಂದ 2012ರವರೆಗಿನ ಸಾವುಗಳನ್ನು ಪರಿಶೀಲಿಸಿತು. ಸಿಕ್ಕ ದರ ಲಕ್ಷಕ್ಕೆ ಸುಮಾರು 24. ಇಡೀ ಅಮೆರಿಕಾದ ದರ ಸುಮಾರು 12. ಏಷ್ಯನ್ ಕಾಲಂ ಮಾತ್ರ ನೋಡಿದ್ದರೆ? ಅಲ್ಲಿನ ದರ ದೇಶದ ಸರಾಸರಿಗಿಂತಲೂ ಕಡಿಮೆ! ಆ ಪಟ್ಟಿ ಓದಿದ ಅಧಿಕಾರಿಗೆ “ಏಷ್ಯಾದವರಲ್ಲಿ ತೊಂದರೆ ಇಲ್ಲ” ಅಂತಲೇ ಅನಿಸುತ್ತಿತ್ತು. ನಿರಾಶ್ರಿತರಾಗಿ ಬಂದವರ ದಾಖಲೆ ದೇಶವಾರು ಬೇರೆ ಇತ್ತು. ಅದಕ್ಕೇ ಇದು ಸಿಕ್ಕಿತು.

ಇದು ಹೇಗೆ ಆಗುತ್ತದೆ ಅನ್ನೋದಕ್ಕೆ ಒಂದು ಊಹೆಯ ಲೆಕ್ಕ. ಒಂದು ಊರಿನಲ್ಲಿ ನೂರು ಏಷ್ಯನ್ ಕುಟುಂಬ. ತೊಂಬತ್ತಕ್ಕೆ ವರ್ಷಕ್ಕೆ 1 ಲಕ್ಷ ಡಾಲರ್, ಹತ್ತಕ್ಕೆ 30 ಸಾವಿರ.

[ಪರದೆ ಮೇಲೆ: ಸರಾಸರಿ 93 ಸಾವಿರ]

ಸರಾಸರಿ 93 ಸಾವಿರ. ಚೆನ್ನಾಗಿದೆ ಅಲ್ವಾ? ಈ ಊರಿಗೆ ಊಟದ ನೆರವು ಬೇಡ, ಆಸ್ಪತ್ರೆಯಲ್ಲಿ ದುಭಾಷಿ ಬೇಡ ಅಂತ ಯಾರಾದರೂ ತೀರ್ಮಾನಿಸಬಹುದು. ಹತ್ತು ಮನೆಗಳ ಕಷ್ಟ ಸರಾಸರಿಯನ್ನು ಬರೀ 7 ಸಾವಿರ ಇಳಿಸಿತು, ಅಷ್ಟೇ. ಗುಂಪು ಚಿಕ್ಕದಾದಷ್ಟೂ ಅದು ಪೂರ್ತಿ ಮರೆಯಾಗುತ್ತದೆ.

ಸಮಯ ಕಡಿಮೆ ಇದೆ, ಹಾಗಾಗಿ ಮೂಲ ಪ್ರಶ್ನೆಗೆ ಬರುತ್ತೇನೆ. ಇದೆಲ್ಲಾ ಸಂಸ್ಕೃತಿಯ ಫಲವಾ? 1965ರ ವಲಸೆ ಕಾನೂನು ವೃತ್ತಿಪರರಿಗೆ ಬಾಗಿಲು ತೆರೆಯಿತು, ಆಮೇಲೆ ಎಚ್-1ಬಿ ವೀಸಾ ಬಂತು. ನಮ್ಮಲ್ಲಿಂದ ಹೋದವರಲ್ಲಿ ಹೆಚ್ಚಿನವರು ಪರೀಕ್ಷೆ, ಕಾಲೇಜು, ಕಂಪನಿ, ವೀಸಾ ಅಂತ ಒಂದೊಂದೇ ಜರಡಿ ದಾಟಿದವರು. ಅಮೆರಿಕಾದ ಕನ್ನಡ ಕೂಟಗಳಲ್ಲಿ ಸಾಫ್ಟ್‌ವೇರ್‌ನವರೇ ಅಷ್ಟೊಂದು ಜನ ಸಿಗೋದು ಅದಕ್ಕೇ. ಅವರ ಶ್ರಮ ನಿಜ, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಜರಡಿಯ ಮೇಲೆ ಉಳಿದ ಕಾಳನ್ನು ನೋಡಿ ಇಡೀ ಹೊಲದ ಬೆಳೆ ಹೀಗೇ ಅಂತ ಹೇಳೋದು ತಪ್ಪು. ಲೋತ್ಶಾಂಪಾ ರೈತನನ್ನು ಯಾರೂ ಪದವಿ ನೋಡಿ ಆರಿಸಲಿಲ್ಲ. ಭಾರತೀಯರೊಳಗೂ ಇದೇ ಕಥೆ. 2025ರ ಫೆಬ್ರುವರಿಯಲ್ಲಿ ಅಕ್ರಮವಾಗಿ ಬಂದವರು ಅಂತ ವಾಪಸ್ ಕಳಿಸಿ, ಅಮೆರಿಕಾದ ಸೇನಾ ವಿಮಾನ ಅಮೃತಸರದಲ್ಲಿ ಇಳಿಸಿದ 104 ಜನರೂ ಅಲ್ಲಿದ್ದಷ್ಟು ದಿನ ‘ಏಷ್ಯನ್ ಇಂಡಿಯನ್’ ಕಾಲಂನವರೇ.

ಹಾಗಾದರೆ ಕಾಲಂ ಒಡೆದರೆ ಸಾಕಾ? 2024ರ ಮಾರ್ಚ್‌ನಲ್ಲಿ ಅಮೆರಿಕಾ ಸರ್ಕಾರ ಜನಗಣತಿಗಷ್ಟೇ ಅಲ್ಲ, ತನ್ನ ಬೇರೆ ಇಲಾಖೆಗಳ ಫಾರಂಗಳಿಗೂ ಹೊಸ ನಿಯಮ ತಂದಿತು. ಚೀನೀ, ಭಾರತೀಯ, ಫಿಲಿಪಿನೋ, ವಿಯೆಟ್ನಾಮಿ, ಕೊರಿಯನ್, ಜಪಾನಿ, ಹೀಗೆ ಏಷ್ಯನ್ ಅಡಿಯಲ್ಲಿ ಆರು ಚೌಕ. ಉಳಿದವರಿಗೆ ಒಂದು ಖಾಲಿ ಗೆರೆ, ಅಲ್ಲಿ ತಾವೇ ಬರೆಯಬೇಕು. ಭೂತಾನದವರು ಆ ಗೆರೆಯಲ್ಲಿ ಬರುತ್ತಾರೆ.

ಇನ್ನೊಂದು ತೊಡಕು ಇಲ್ಲೇ ಇದೆ. ಭೂತಾನದಿಂದ ಹೊರಗಾದವರು 90 ಸಾವಿರಕ್ಕೂ ಜಾಸ್ತಿ ಜನ ಅಮೆರಿಕಾಗೆ ಬಂದರು. ‘ಭೂತಾನಿ’ ಅಂತ ಎಣಿಕೆಯಲ್ಲಿ ಸಿಗುವವರು ಅದರ ಅರ್ಧವೂ ಇಲ್ಲ. ಮನೆಮಾತು ನೇಪಾಳಿ, ಹುಟ್ಟಿದ್ದು ಭೂತಾನದಲ್ಲಿ, ಅವರ ಮಕ್ಕಳು ಹುಟ್ಟಿದ್ದು ನೇಪಾಳದ ಶಿಬಿರದಲ್ಲಿ. ಆ ಖಾಲಿ ಗೆರೆಯ ಮುಂದೆ ಕೂತ ಮನೆಯವರಲ್ಲಿ ಹಲವರು ‘ನೇಪಾಳಿ’ ಅಂತ ಬರೆಯುತ್ತಾರೆ.